ಬಾಕಿ ಬಿಲ್ಲಿನ ನೆನಪೋಲೆಗಳು

ವಾಯಿದೆ ಮೀರಿದ ಬಿಲ್ಲಿನ ಹಣ ಕೇಳಿ ಸಂಸ್ಥೆಯ ಲೆಕ್ಕಪತ್ರ ವಿಭಾಗವು ಗ್ರಾಹಕರಿಗೆ ಹಂತಹಂತವಾಗಿ ಕಳುಹಿಸುವ ಸೌಜನ್ಯದ ಸಂದೇಶಗಳು. ಈಗ ಹೆಚ್ಚಾಗಿ ಇಮೇಲ್ ಮತ್ತು ವಾಟ್ಸ್ಆ್ಯಪ್ ಮೂಲಕ ಹೋಗುತ್ತವೆ. ಹಂತಗಳ ನಡುವಿನ ಅಂತರವನ್ನು ಭಾರತದ ಕಾನೂನು ಗೊತ್ತುಮಾಡಿಲ್ಲ. ಅದು ಆಯಾ ಸಂಸ್ಥೆಯ ರೂಢಿ.

ಹಂತಗಳು. ಯಂತ್ರ ದುರಸ್ತಿ ಮಾಡುವ ಪಾಲುದಾರಿಕೆ ಸಂಸ್ಥೆಯೊಂದು 2022ರ ಜೂನ್ 1ರಂದು ₹1,18,000ರ ಬಿಲ್ ಕೊಟ್ಟಿತೆನ್ನಿ: ಕೆಲಸದ ಬೆಲೆ ಒಂದು ಲಕ್ಷ, ಉಳಿದದ್ದು ಜಿಎಸ್‌ಟಿ. ವಾಯಿದೆ 30 ದಿನ, ಅಂದರೆ ಜುಲೈ 1. ಅದಕ್ಕೆ ಕೆಲವು ದಿನ ಮೊದಲು ಹೋಗುವ ಸಂದೇಶ ಹಣ ಕೇಳುವುದಿಲ್ಲ. ಬಿಲ್ ತಲುಪಿತೇ, ತಕರಾರು ಇದೆಯೇ ಎಂದಷ್ಟೇ ವಿಚಾರಿಸುತ್ತದೆ. ವಾಯಿದೆ ಕಳೆದ ವಾರದೊಳಗೆ ಎರಡನೆಯದು, ಬಿಲ್ಲಿನ ಪ್ರತಿಯೊಂದಿಗೆ. ತಿಂಗಳಾದರೆ ಮೂರನೆಯದು ಗ್ರಾಹಕ ಸಂಸ್ಥೆಯ ಹಿರಿಯರಿಗೆ. ಕೊನೆಯದರಲ್ಲಿ ಮಾತ್ರ ಬಡ್ಡಿಯ ಪ್ರಸ್ತಾಪ. ಬಿಲ್ ಕೊಟ್ಟವರು ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಅವರ ಬೆನ್ನಿಗಿದೆ: ಒಪ್ಪಂದವಿದ್ದರೂ ವಾಯಿದೆ 45 ದಿನ ಮೀರುವಂತಿಲ್ಲ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಇಲ್ಲಿ ಆಗಾಗ ಕಾಣುವ ಎಡವಟ್ಟು ಟಿಡಿಎಸ್‌ನದು. ಗ್ರಾಹಕರು ಶೇ 2ರಂತೆ ₹2,000 ಮುರಿದುಕೊಂಡು ₹1,16,000 ಕಳುಹಿಸಿರುತ್ತಾರೆ. ಲೆಡ್ಜರ್‌ನಲ್ಲಿ ಆ ಎರಡು ಸಾವಿರ ಬಾಕಿಯಾಗಿಯೇ ಉಳಿದು, ಪೂರ್ತಿ ಕೊಟ್ಟವರಿಗೆ ನೆನಪೋಲೆ ಹೋಗುತ್ತದೆ. ಬಾಕಿ ಮೊತ್ತ ತೆರಿಗೆರಹಿತ ಬೆಲೆಯ ಸರಿಯಾಗಿ ಶೇ 2 ಇದ್ದರೆ ಮೊದಲು ಫಾರ್ಮ್ 26ಎಎಸ್ ನೋಡಬೇಕು.

ಕಾಲಮಿತಿ ಮತ್ತು ಗ್ರಾಹಕರ ಉತ್ತರ. ಇಂಥ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಮೇಲಿನ ಬಿಲ್ಲಿಗೆ ಅದು 2025ರ ಜುಲೈ ಆರಂಭದಲ್ಲಿ ಮುಗಿಯುತ್ತದೆ. ನಡುವೆ ಐವತ್ತು ನೆನಪೋಲೆ ಬರೆದರೂ ಈ ಗಡುವು ಒಂದು ದಿನವೂ ಮುಂದೆ ಹೋಗದು. ಅದನ್ನು ಮುಂದೂಡುವುದು ಗ್ರಾಹಕರ ಉತ್ತರ. ಕಾಯ್ದೆಯ 18ನೇ ಕಲಮಿನಂತೆ, ಗಡುವಿನೊಳಗೆ ಬಾಕಿಯನ್ನು ಒಪ್ಪಿ ಸಹಿ ಮಾಡಿ ಬರೆದುಕೊಟ್ಟರೆ ಅಂದಿನಿಂದ ಹೊಸ ಎಣಿಕೆ ಶುರು. 2024ರ ಮಾರ್ಚ್‌ನಲ್ಲಿ ‘ಬಾಕಿ ಇರುವುದು ನಿಜ, ಸದ್ಯಕ್ಕೆ ಕೊಡಲಾಗದು’ ಎಂದು ಬರೆದರೂ ಸಾಕು: ಕೊಡಲು ನಿರಾಕರಿಸಿದ ಮಾತ್ರಕ್ಕೆ ಒಪ್ಪಿಗೆ ಬಿದ್ದುಹೋಗುವುದಿಲ್ಲವೆಂದು ಕಲಮೇ ಹೇಳುತ್ತದೆ. ಗಡುವು ಮುಗಿದ ಮೇಲೆ ಬಂದ ಉತ್ತರಕ್ಕೆ ಈ ಬಲವಿಲ್ಲ. ಇಮೇಲ್‌ನಲ್ಲಿ ಬಂದ ಒಪ್ಪಿಗೆಯನ್ನು ಕರ್ನಾಟಕ ಹೈಕೋರ್ಟ್ 2013ರ ತೀರ್ಪೊಂದರಲ್ಲಿ ಮಾನ್ಯ ಮಾಡಿದೆ. ವಾಟ್ಸ್ಆ್ಯಪ್‌ನ ನೀಲಿ ಗುರುತು ಓದಿದ್ದನ್ನು ತೋರಿಸಬಹುದು, ಒಪ್ಪಿದ್ದನ್ನಲ್ಲ.

ಆದ್ದರಿಂದ ಅನುಭವಿ ಗುಮಾಸ್ತರ ನೆನಪೋಲೆ ‘ದಯವಿಟ್ಟು ಪಾವತಿಸಿ’ ಎಂದು ನಿಲ್ಲುವುದಿಲ್ಲ. ‘ಯಾವ ತಾರೀಖಿಗೆ ನಿರೀಕ್ಷಿಸಬಹುದು, ತಿಳಿಸಿ’ ಎಂದು ಕೇಳುತ್ತದೆ. ಫೋನಿನಲ್ಲಿ ಕೊಟ್ಟ ಮಾತನ್ನು ಅವರು ಅಂದೇ ಇಮೇಲ್ ಮಾಡಿ, ‘ಸರಿಯಾಗಿದೆ’ ಎಂಬ ಮರುತ್ತರ ಬರುವವರೆಗೆ ಆ ಕಡತವನ್ನು ಮುಚ್ಚುವುದಿಲ್ಲ.