ಇಡುಗಂಟಿನ ಮಾಸಿಕ ವರ್ಗಾವಣೆ (ಎಸ್‌ಟಿಪಿ): ಚರಿತ್ರೆ ಮತ್ತು ಫಲಿತ

ನಿವೃತ್ತಿಯ ಹಣ, ಸೈಟು ಮಾರಿದ ಹಣ, ವರ್ಷದ ಬೋನಸ್ಸು ಹೀಗೆ ಒಟ್ಟಿಗೆ ಕೈಸೇರಿದ ಇಡುಗಂಟನ್ನು ಮೊದಲು ಲಿಕ್ವಿಡ್ ಫಂಡ್‌ನಂಥ ಕಡಿಮೆ ಏರಿಳಿತದ ಯೋಜನೆಯಲ್ಲಿಟ್ಟು, ಅಲ್ಲಿಂದ ತಿಂಗಳಿಗೊಂದು ಕಂತಿನಂತೆ ಈಕ್ವಿಟಿ ಫಂಡ್‌ಗೆ ದಾಟಿಸುವ ಪದ್ಧತಿಗೆ ಭಾರತದ ಮ್ಯೂಚುವಲ್ ಫಂಡ್ ವಲಯದಲ್ಲಿ ‘ಸಿಸ್ಟಮ್ಯಾಟಿಕ್ ಟ್ರಾನ್ಸ್‌ಫರ್ ಪ್ಲಾನ್’ (ಎಸ್‌ಟಿಪಿ) ಎಂದು ಹೆಸರು. ಎರಡೂ ಯೋಜನೆಗಳು ಸಾಮಾನ್ಯವಾಗಿ ಒಂದೇ ಫಂಡ್ ಸಂಸ್ಥೆಯವಾಗಿರುತ್ತವೆ. ಹೂಡಿಕೆದಾರರು ಒಮ್ಮೆ ಅರ್ಜಿ ಕೊಟ್ಟರೆ ಸಾಕು. ನಿಗದಿತ ದಿನ ಒಂದು ಫಂಡ್‌ನ ಯೂನಿಟ್‌ಗಳು ಮಾರಾಟವಾಗಿ ಆ ಹಣಕ್ಕೆ ಇನ್ನೊಂದರ ಯೂನಿಟ್‌ಗಳು ಖರೀದಿಯಾಗುತ್ತವೆ.

ಹಿನ್ನೆಲೆ. ನಿಯತ ಮೊತ್ತವನ್ನು ನಿಯತ ಕಾಲಕ್ಕೆ ಹೂಡುವ ಕ್ರಮ ಅಮೆರಿಕದಲ್ಲಿ ‘ಡಾಲರ್ ಕಾಸ್ಟ್ ಆವರೇಜಿಂಗ್’ ಎಂದು ಹೆಸರಾಯಿತು. ಬೆಂಜಮಿನ್ ಗ್ರಹಾಂ 1949ರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ ಕೃತಿಯಲ್ಲಿ ಅದನ್ನು ಸಾಮಾನ್ಯ ಹೂಡಿಕೆದಾರರಿಗೆ ಶಿಫಾರಸು ಮಾಡಿದರು. 1954ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಶುರುಮಾಡಿದ ಮಾಸಿಕ ಹೂಡಿಕೆ ಯೋಜನೆಯಲ್ಲಿ 40 ಡಾಲರ್‌ನಷ್ಟು ಸಣ್ಣ ಕಂತನ್ನೂ ಕಟ್ಟಬಹುದಿತ್ತು. ಅದು ಸಂಬಳದಲ್ಲಿ ಉಳಿಸುವವರಿಗಾಗಿ ಬಂದ ಯೋಜನೆ. ಅವರ ಬಳಿ ಪೂರ್ತಿ ಹಣ ಮೊದಲ ದಿನವೇ ಇರುವುದಿಲ್ಲವಾದ್ದರಿಂದ ‘ಒಟ್ಟಿಗೋ, ಕಂತಿನಲ್ಲೋ’ ಎಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ.

ಇಡುಗಂಟು ಇದ್ದವರಿಗೆ ಆ ಪ್ರಶ್ನೆ ಇದ್ದೇ ಇದೆ. ಈ ಎರಡು ಸ್ಥಿತಿಗಳನ್ನು ಒಂದೇ ಎಂದು ಎಣಿಸಿದ್ದರಿಂದಲೇ ಈ ವಿಷಯದ ಬಹುಪಾಲು ಗೊಂದಲ ಹುಟ್ಟಿದೆ. ಮಾಸಿಕ ಉಳಿತಾಯಕ್ಕೆ ಹೇಳಿದ ‘ಸರಾಸರಿಯ ಲಾಭ’ ಕೈಯಲ್ಲಿದ್ದ ಹಣವನ್ನು ಬೇಕೆಂದೇ ತಡೆದಿಡುವ ಕ್ರಮಕ್ಕೂ ಅನ್ವಯಿಸುತ್ತದೆ ಎಂಬ ನಂಬಿಕೆ ಬೆಳೆಯಿತು.

ವಿವಾದ. 1979ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಕಾನ್‌ಸ್ಟಾಂಟಿನಿಡಿಸ್ ಒಂದು ಕಿರು ಪ್ರಬಂಧದಲ್ಲಿ ಈ ಕ್ರಮ ಸೈದ್ಧಾಂತಿಕವಾಗಿ ಅತ್ಯುತ್ತಮ ಆಯ್ಕೆಯಲ್ಲವೆಂದು ವಾದಿಸಿದರು. 2012ರಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಪೇಟೆಗಳ ದೀರ್ಘಕಾಲದ ಅಂಕಿಅಂಶಗಳನ್ನು ತಾಳೆನೋಡಿದಾಗ, ಸುಮಾರು ಮೂರರಲ್ಲಿ ಎರಡು ಸಲ ಒಟ್ಟಿಗೆ ಹೂಡಿದ್ದೇ ಮುಂದಿತ್ತು. ಕಾರಣ ಸರಳ. ಷೇರುಪೇಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳು ಹೆಚ್ಚು, ಕಾಯುತ್ತ ಕೂತ ಹಣಕ್ಕೆ ಆ ಏರಿಕೆ ದಕ್ಕುವುದಿಲ್ಲ.

ಎಸ್‌ಟಿಪಿ ಪರವಾಗಿ ಪದೇಪದೇ ಮುಂದಿಡುವ ವಾದವೊಂದಿದೆ: ಬೆಲೆ ಇಳಿದಾಗ ಅದೇ ಕಂತಿಗೆ ಹೆಚ್ಚು ಯೂನಿಟ್, ಏರಿದಾಗ ಕಡಿಮೆ ಯೂನಿಟ್ ಸಿಗುವುದರಿಂದ ಪ್ರತಿ ಯೂನಿಟ್‌ಗೆ ಬಿದ್ದ ವೆಚ್ಚ ಆ ಅವಧಿಯ ಸರಾಸರಿ ಬೆಲೆಗಿಂತ ಕಡಿಮೆಯಾಗಿರುತ್ತದೆ. ಬೆಲೆ ಏರಿಳಿಯುವ ಯಾವುದೇ ಅವಧಿಗೂ ಇದು ಗಣಿತದ ಸತ್ಯ. ಆದರೆ ಒಟ್ಟಿಗೆ ಹೂಡಿದವರು ಕೊಟ್ಟದ್ದು ಸರಾಸರಿ ಬೆಲೆಯನ್ನಲ್ಲ, ಮೊದಲ ದಿನದ ಬೆಲೆಯನ್ನು. ಆದ್ದರಿಂದ ಹೋಲಿಸಬೇಕಾದದ್ದು ಅದರೊಂದಿಗೆ.

ಎರಡು ವರ್ಷಗಳ ಲೆಕ್ಕ. ಬೆನ್ನುಬೆನ್ನಿಗೆ ಬಂದ 2020 ಮತ್ತು 2021 ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ. ಹೂಡಿಕೆ 12 ಲಕ್ಷ ರೂಪಾಯಿ. ಕಂತು ತಲಾ ಒಂದು ಲಕ್ಷ. ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನ ನಿಫ್ಟಿ 50 ಸೂಚ್ಯಂಕವನ್ನೇ ಕೊಂಡಂತೆ ಲೆಕ್ಕ. ಡಿವಿಡೆಂಡ್ ಮತ್ತು ವೆಚ್ಚಗಳನ್ನು ಬಿಡಲಾಗಿದೆ.

2019ರ ಡಿಸೆಂಬರ್ ಕೊನೆಗೆ ನಿಫ್ಟಿ 12,168ರಲ್ಲಿತ್ತು. ಕೋವಿಡ್ ಆತಂಕದಲ್ಲಿ 2020ರ ಮಾರ್ಚ್ ಕೊನೆಗೆ 8,598ಕ್ಕೆ ಕುಸಿದು, ಡಿಸೆಂಬರ್ ಕೊನೆಗೆ 13,982ಕ್ಕೆ ಏರಿತು. ಮೊದಲ ದಿನವೇ ಪೂರ್ತಿ ಹೂಡಿದ್ದರೆ ವರ್ಷದ ಕೊನೆಗೆ ಸುಮಾರು 13.79 ಲಕ್ಷ ಆಗುತ್ತಿತ್ತು. 2019ರ ಡಿಸೆಂಬರ್‌ನಿಂದ 2020ರ ನವೆಂಬರ್‌ವರೆಗೆ ಹನ್ನೆರಡು ಕಂತಿನಲ್ಲಿ ದಾಟಿಸಿದ್ದರೆ ಸುಮಾರು 15.44 ಲಕ್ಷ. ಮಾರ್ಚ್‌ನ ಒಂದೇ ಕಂತು, ಮೊದಲ ಕಂತಿಗಿಂತ ಶೇ. 40ಕ್ಕೂ ಹೆಚ್ಚು ಯೂನಿಟ್‌ಗಳನ್ನು ತಂದುಕೊಟ್ಟಿತು.

ಮರುವರ್ಷ ಫಲಿತಾಂಶ ತಿರುಗುಮುರುಗಾಯಿತು. 13,982ರಿಂದ ಹೊರಟ ಸೂಚ್ಯಂಕ 2021ರ ಡಿಸೆಂಬರ್ ಕೊನೆಗೆ 17,354 ತಲುಪಿತು. ಒಟ್ಟಿಗೆ ಹೂಡಿದ್ದರೆ ಸುಮಾರು 14.89 ಲಕ್ಷ, ಕಂತಿನಲ್ಲಾದರೆ ಸುಮಾರು 13.40 ಲಕ್ಷ. ಇಲ್ಲಿಯೂ ಕಂತುಗಳ ಸರಾಸರಿ ವೆಚ್ಚ 15,545, ಅಂದರೆ ಆ ಹನ್ನೆರಡು ದಿನಗಳ ಸರಾಸರಿ ಬೆಲೆಯಾದ 15,662ಕ್ಕಿಂತ ಕಡಿಮೆಯೇ. ಆದರೂ ಒಟ್ಟಿಗೆ ಹೂಡಿದವರು ಕೊಟ್ಟ 13,982ರ ಮುಂದೆ ಅದು ದುಬಾರಿ.

ಕಾಯುವ ಹಣಕ್ಕೆ ಲಿಕ್ವಿಡ್ ಫಂಡ್‌ನಲ್ಲಿ ಬರುವ ಗಳಿಕೆಯನ್ನೂ ಸೇರಿಸಬೇಕು. ಹನ್ನೆರಡು ತಿಂಗಳಲ್ಲಿ ಅಲ್ಲಿ ಸರಾಸರಿ ಉಳಿಯುವುದು 5.5 ಲಕ್ಷ. ವರ್ಷಕ್ಕೆ ಶೇ. 4 ಎಂದಿಟ್ಟುಕೊಂಡರೂ ಅದು 22,000 ರೂಪಾಯಿ ಮಾತ್ರ. 2021ರ ಒಂದೂವರೆ ಲಕ್ಷದ ಅಂತರ ಇದರಿಂದ ತುಂಬುವುದಿಲ್ಲ. ಎಸ್‌ಟಿಪಿ ಮಾಡುವ ಕೆಲಸ ಇಷ್ಟು: ವರ್ಗಾವಣೆ ನಡೆಯುವ ತಿಂಗಳುಗಳಲ್ಲಿ ಷೇರುಪೇಟೆಗೆ ಒಡ್ಡಿದ ಹಣದ ಪಾಲನ್ನು ತಗ್ಗಿಸುತ್ತದೆ. ಕಂತು ಮುಗಿದ ಮರುದಿನ ಪೇಟೆ ಕುಸಿದರೆ ಅದರಿಂದ ರಕ್ಷಣೆ ಇಲ್ಲ.

ಭಾರತದಲ್ಲಿ. 1993ರಲ್ಲಿ ಖಾಸಗಿ ಫಂಡ್ ಸಂಸ್ಥೆಗಳು ಬಂದ ಮೇಲೆ ಸಾಲಪತ್ರ ಮತ್ತು ಈಕ್ವಿಟಿ ಯೋಜನೆಗಳೆರಡೂ ಒಂದೇ ಸೂರಿನಡಿ ಹೆಚ್ಚಿದವು. ಮಾಸಿಕ ವರ್ಗಾವಣೆಗೆ ಬೇಕಾದ ನೆಲೆ ಸಿಕ್ಕಿತು. ಈಕ್ವಿಟಿ ಫಂಡ್ ಸೇರುವಾಗ ಸಾಮಾನ್ಯವಾಗಿ ಶೇ. 2.25ರವರೆಗೆ ಕಡಿತವಾಗುತ್ತಿದ್ದ ಪ್ರವೇಶ ಶುಲ್ಕವನ್ನು ಸೆಬಿ 2009ರ ಆಗಸ್ಟ್ 1ರಿಂದ ರದ್ದುಮಾಡಿತು. ಪೇಟೆ ಇಳಿದಾಗ ಕಂತು ಹೆಚ್ಚಿಸುವ ‘ಫ್ಲೆಕ್ಸ್’, ಗಳಿಕೆಯನ್ನಷ್ಟೇ ದಾಟಿಸುವ ‘ಕ್ಯಾಪಿಟಲ್ ಅಪ್ರಿಸಿಯೇಷನ್’ ಮಾದರಿಗಳೂ ಬಳಕೆಗೆ ಬಂದವು.

‘ಸುರಕ್ಷಿತ’ ಫಂಡ್‌ನ ಪರೀಕ್ಷೆ. ಹಣ ಹೊರಡುವ ಫಂಡ್ ಗಟ್ಟಿ ಎಂಬ ನಂಬಿಕೆ 2020ರ ಏಪ್ರಿಲ್ 23ರಂದು ಅಲುಗಿತು. ಅಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಒಂದು ಅಲ್ಟ್ರಾ ಶಾರ್ಟ್ ಬಾಂಡ್ ಫಂಡ್, ಅಂದರೆ ಹಣವನ್ನು ಸ್ವಲ್ಪ ಕಾಲ ಇಟ್ಟಿರಲು ಜನ ಆರಿಸುತ್ತಿದ್ದ ಬಗೆಯದು. ಹಣ ಹಿಂಪಡೆಯುವುದು ನಿಂತಾಗ ಅಲ್ಲಿಂದ ಹೊರಡಬೇಕಿದ್ದ ಕಂತುಗಳೂ ನಿಂತವು. ಅದೂ ಷೇರು ಬೆಲೆ ತಳ ಕಂಡು, ಕಂತುಗಳು ಹೆಚ್ಚು ಯೂನಿಟ್ ತರುತ್ತಿದ್ದ ಕಾಲದಲ್ಲಿ. ಮುಚ್ಚುವ ಮೊದಲು ಯೂನಿಟ್‌ದಾರರ ಬಹುಮತದ ಒಪ್ಪಿಗೆ ಬೇಕೆಂದು ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರ್ 24ರಂದು ತೀರ್ಪಿತ್ತಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ಹೂಡಿಕೆದಾರರಿಗೆ 2021ರ ಫೆಬ್ರುವರಿಯಿಂದ ಹಂತಹಂತವಾಗಿ ಹಣ ಮರಳಿತು.

ಎಸ್‌ಟಿಪಿ ಅರ್ಜಿಗೆ ಮುನ್ನ ಮೂಲ ಫಂಡ್‌ನ ಮಾಸಿಕ ಹಿಡುವಳಿ ಪಟ್ಟಿಯಲ್ಲಿ ಸಾಲಪತ್ರಗಳ ದರ್ಜೆಯನ್ನು ನೋಡುವುದರಿಂದ ಈ ಅಪಾಯವನ್ನು ತಕ್ಕಮಟ್ಟಿಗೆ ಗುರುತಿಸಬಹುದು. ಸರ್ಕಾರಿ ಟ್ರೆಷರಿ ಬಿಲ್ ಮತ್ತು ‘ಎ1+’ ಪತ್ರಗಳೇ ತುಂಬಿರುವ ಫಂಡ್ ಬೇರೆ. ಕೆಳ ದರ್ಜೆಯ ಪತ್ರಗಳಿಂದ ಹೆಚ್ಚು ಬಡ್ಡಿ ಗಳಿಸುವ ಫಂಡ್ ಬೇರೆ.

ತೆರಿಗೆ. ಕಾನೂನಿನ ಕಣ್ಣಿಗೆ ಪ್ರತಿ ಕಂತೂ ಒಂದು ಮಾರಾಟ ಮತ್ತು ಒಂದು ಖರೀದಿ. 2020ರ ಜುಲೈ 1ರಿಂದ ಖರೀದಿಗೆ ಶೇ. 0.005 ಮುದ್ರಾಂಕ ಶುಲ್ಕವಿದೆ. ಒಂದು ಲಕ್ಷಕ್ಕೆ ಐದು ರೂಪಾಯಿ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಲಿಕ್ವಿಡ್ ಮತ್ತು ಸಾಲಪತ್ರ ಫಂಡ್‌ಗಳ ಗಳಿಕೆ, ಎಷ್ಟು ಕಾಲ ಇಟ್ಟಿದ್ದರೂ, ಆಯಾ ವ್ಯಕ್ತಿಯ ಆದಾಯದ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ಮೀರಿದ ಯೂನಿಟ್‌ಗಳ ಲಾಭಕ್ಕೆ 2024ರ ಜುಲೈ 23ರಿಂದ, ವರ್ಷಕ್ಕೆ 1.25 ಲಕ್ಷದ ವಿನಾಯಿತಿಯ ಮೇಲೆ, ಶೇ. 12.5 ತೆರಿಗೆ, ವರ್ಷದೊಳಗೆ ಮಾರಿದರೆ ಶೇ. 20. ಈ ಒಂದು ವರ್ಷದ ಎಣಿಕೆ ಅರ್ಜಿ ಕೊಟ್ಟ ದಿನದಿಂದಲ್ಲ, ಪ್ರತಿ ಕಂತು ಈಕ್ವಿಟಿಗೆ ಸೇರಿದ ದಿನದಿಂದ ಬೇರೆಬೇರೆಯಾಗಿ ಆರಂಭವಾಗುತ್ತದೆ.