ಕ್ಯಾಮೆರಾದ ಆಚೆ ಕೂತವರು ಯಾರು?

2004ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹೈರ್‌ವ್ಯೂ ಎಂಬ ಕಂಪನಿ ಶುರುವಾಯಿತು. ಆಗ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾ ಇರುತ್ತಿದ್ದುದೇ ಅಪರೂಪ. ಹಾಗಾಗಿ ಕೆಲಸಕ್ಕೆ ಅರ್ಜಿ ಹಾಕಿದವರ ಮನೆಗೆ ಆ ಕಂಪನಿಯೇ ವೆಬ್‌ಕ್ಯಾಮ್ ಕಳಿಸಿಕೊಡುತ್ತಿತ್ತು. ಅರ್ಜಿದಾರರು ಅದನ್ನು ಜೋಡಿಸಿಕೊಂಡು, ಎದುರಿಗೆ ಯಾರೂ ಇಲ್ಲದೆ ಪ್ರಶ್ನೆಗಳಿಗೆ ಉತ್ತರ ಹೇಳಿ ರೆಕಾರ್ಡ್ ಮಾಡಬೇಕು. ನೇಮಕಾತಿ ಮಾಡುವವರು ಪುರುಸೊತ್ತಾದಾಗ ಅದನ್ನು ನೋಡುತ್ತಾರೆ. ಇವತ್ತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಮೊದಲ ಸುತ್ತಿನಲ್ಲಿ ಎದುರಾಗುವ ರೆಕಾರ್ಡೆಡ್ ಸಂದರ್ಶನದ ಮೂಲರೂಪ ಇದೇ.

ಮನೆಯಿಂದಲೇ ಬರೆಯುವ ಪರೀಕ್ಷೆಗೆ ಕಾವಲು ಹಾಕುವ ಪದ್ಧತಿ ಬೇರೆ ದಾರಿಯಲ್ಲಿ ಬೆಳೆಯಿತು. 2008ರ ಹೊತ್ತಿಗೆ ಅಮೆರಿಕದಲ್ಲಿ ದೂರಶಿಕ್ಷಣದ ವಿದ್ಯಾರ್ಥಿಗಳನ್ನು ವೆಬ್‌ಕ್ಯಾಮ್ ಮೂಲಕ ನೇರವಾಗಿ ನೋಡುತ್ತ ಕೂರುವ ಮೇಲ್ವಿಚಾರಕರು ಬಂದರು. ಆಮೇಲೆ ಮನುಷ್ಯರ ಸಂಬಳ ದುಬಾರಿಯಾಗಿ, ಆ ಜಾಗಕ್ಕೆ ಮುಖ ಗುರುತಿಸುವ, ಸದ್ದು ಆಲಿಸುವ, ಕಿಟಕಿ ಬದಲಾಯಿಸಿದ್ದನ್ನು ಎಣಿಸುವ ಸಾಫ್ಟ್‌ವೇರ್ ಬಂತು. ಹೀಗೆ ಇಪ್ಪತ್ತು ವರ್ಷಗಳಲ್ಲಿ ಕ್ಯಾಮೆರಾದ ಆಚೆ ಮೂರು ಬಗೆಯ ನೋಡುಗರು ಬಂದು ಕೂತಿದ್ದಾರೆ: ಆಮೇಲೆ ನೋಡುವ ಅಧಿಕಾರಿ, ಈಗಲೇ ನೋಡುವ ಕಾವಲುಗಾರ, ನೋಡದೆ ಬರೀ ಎಣಿಸುವ ಯಂತ್ರ. ಕೈಗೆ ಸಿಗುವ ಸೂಚನೆಗಳ ಪಟ್ಟಿಯಲ್ಲಿ ಈ ಮೂವರ ಬೇಡಿಕೆಗಳೂ ಕಲಸಿಹೋಗಿರುತ್ತವೆ. ಯಾವ ಸೂಚನೆ ಯಾರಿಗಾಗಿ ಎಂದು ತಿಳಿದರೆ ತಯಾರಿ ಅರ್ಧ ಮುಗಿದಂತೆ.

ಕಳೆದ ವರ್ಷ ಸಿರ್ಸಿ ಸೀಮೆಯ ನಮ್ಮ ಮನೆಯಲ್ಲಿ ಅಕ್ಕನ ಮಗಳು ಇಂಥ ಒಂದು ಸಂದರ್ಶನಕ್ಕೆ ಕೂತಳು. ಐದು ಪ್ರಶ್ನೆ. ಯೋಚಿಸಲು 30 ಸೆಕೆಂಡು, ಉತ್ತರಕ್ಕೆ 2 ನಿಮಿಷ, ಮತ್ತೊಮ್ಮೆ ರೆಕಾರ್ಡ್ ಮಾಡಲು ಒಂದೇ ಅವಕಾಶ. ಮಲೆನಾಡಿನ ಮನೆಗಳ ಒಳಗೆ ಹಗಲಲ್ಲೂ ಕತ್ತಲೆ. ಅದಕ್ಕೇ ಅವಳು ಬೆಳಕಿದೆಯೆಂದು ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಕೂತಿದ್ದಳು. ಪರೀಕ್ಷಾರ್ಥ ತೆಗೆದ ವಿಡಿಯೊದಲ್ಲಿ ಅಂಗಳದ ತುಳಸಿಕಟ್ಟೆ ಚೆನ್ನಾಗಿಯೇ ಬಂದಿತ್ತು, ಅವಳ ಮುಖ ಮಾತ್ರ ಇದ್ದಿಲು. ವೆಬ್‌ಕ್ಯಾಮ್‌ಗೆ ಮುಖ ಮುಖ್ಯವೋ ಅಂಗಳ ಮುಖ್ಯವೋ ಗೊತ್ತಿರುವುದಿಲ್ಲ. ಚೌಕಟ್ಟಿನಲ್ಲಿರುವ ಒಟ್ಟು ಬೆಳಕನ್ನು ಅಳೆದು ಅದು ಸರಾಸರಿಗೆ ಹೊಂದಿಕೊಳ್ಳುತ್ತದೆ. ಹಿಂದೆ ಬಿಸಿಲು ಜಾಸ್ತಿಯಿದ್ದರೆ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಮೇಜನ್ನು ತಿರುಗಿಸಿ, ಬೆಳಕು ಎದುರಿನಿಂದ, ಸ್ವಲ್ಪ ಓರೆಯಾಗಿ ಬೀಳುವಂತೆ ಮಾಡಿದ ಮೇಲೆ ಅದೇ ಅಗ್ಗದ ಕ್ಯಾಮೆರಾದಲ್ಲಿ ಕಣ್ಣು, ಹುಬ್ಬು ಎಲ್ಲ ಬಿಡಿಸಿದಂತೆ ಕಂಡವು.

ಮಂದ ಬೆಳಕಿನಲ್ಲಿ ಇನ್ನೊಂದು ತೊಂದರೆಯಿದೆ. ಬೆಳಕು ಸಾಲದಾದಾಗ ಎಷ್ಟೋ ವೆಬ್‌ಕ್ಯಾಮ್‌ಗಳು ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹೀರಿಕೊಳ್ಳಲು ಹೋಗಿ, ಸೆಕೆಂಡಿಗೆ 30 ಚಿತ್ರ ತೆಗೆಯುವಲ್ಲಿ 15ಕ್ಕೆ ಇಳಿಯುತ್ತವೆ. ಆಗ ಮಾತಿಗೂ ತುಟಿಗೂ ತಾಳೆಯಾಗದಂತೆ ಕಾಣುತ್ತದೆ. ನೋಡಿದವರು ನೆಟ್‌ವರ್ಕ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ದೀಪದ್ದು. ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಹರಿದಾಡಿದರೆ, ಕ್ಯಾಮೆರಾದ ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿದೆ ಎಂದು ಅನುಮಾನಿಸಬಹುದು. ನಮ್ಮ ಕರೆಂಟು 50 ಹರ್ಟ್ಸ್. ಅದನ್ನು ಬದಲಾಯಿಸಿದರೆ ಪಟ್ಟೆ ಮಾಯ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲು ಲ್ಯಾಪ್‌ಟಾಪ್ ಅಡಿಯಲ್ಲಿ ನಾಲ್ಕು ಹಳೆಯ ಪಠ್ಯಪುಸ್ತಕ ಸಾಕು. ಅದಕ್ಕೆಂದು ದುಡ್ಡು ಕೊಟ್ಟು ಸ್ಟ್ಯಾಂಡ್ ತರುವುದು ನನ್ನ ಮಟ್ಟಿಗೆ ದಂಡ.

ಇಷ್ಟೂ ಮನುಷ್ಯರ ಕಣ್ಣಿಗಾಗಿ. ಯಂತ್ರ ನೋಡುವ ಬಗೆಯೇ ಬೇರೆ. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ ರೂಪಿಸಿದ ವಿಧಾನ, ಸಾಮಾನ್ಯ ಕಂಪ್ಯೂಟರೂ ಚಿತ್ರದೊಳಗಿನ ಮುಖವನ್ನು ತಟ್ಟನೆ ಹುಡುಕುವಂತೆ ಮಾಡಿತು. ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪು, ಮೂಗಿನ ದಿಂಡು ಕಣ್ಣುಗಳಿಗಿಂತ ಬೆಳ್ಳಗೆ ಎಂಬಂಥ ಬೆಳಕು-ನೆರಳಿನ ವ್ಯತ್ಯಾಸಗಳೇ ಅದಕ್ಕೆ ಮುಖ. ಆಮೇಲೆ ಬಂದ ವಿಧಾನಗಳು ಎಷ್ಟೇ ಚುರುಕಾದರೂ, ಆ ವ್ಯತ್ಯಾಸ ಅಳಿಸಿಹೋದ ಚಿತ್ರದಲ್ಲಿ ತಡವರಿಸುತ್ತವೆ. ಬೆನ್ನಿಗೆ ಬೆಳಕಿದ್ದಾಗ, ಕನ್ನಡಕದಲ್ಲಿ ಪರದೆ ಪ್ರತಿಫಲಿಸಿದಾಗ, ಕಪ್ಪು ಮೈಬಣ್ಣದವರು ಮಂದ ಬೆಳಕಿನಲ್ಲಿ ಕೂತಾಗ 'ಮುಖ ಕಾಣುತ್ತಿಲ್ಲ' ಎಂದು ಅದು ಗುರುತು ಹಾಕಿಕೊಳ್ಳುತ್ತದೆ. ಮೈಬಣ್ಣಕ್ಕೆ ದಂಡ ಕಟ್ಟಿಸುವ ಈ ದೋಷ ತಯಾರಕರದ್ದು, ಅಭ್ಯರ್ಥಿಯದ್ದಲ್ಲ. ಆದರೂ ಪರಿಹಾರ ಮಾತ್ರ ಅಭ್ಯರ್ಥಿಯ ತಲೆಗೇ ಬಂದಿದೆ: ಎದುರಿಗೆ ಇನ್ನೊಂದು ದೀಪ ಇಟ್ಟುಕೊಳ್ಳಬೇಕು, ಪರದೆಯ ಹೊಳಪು ತಗ್ಗಿಸಬೇಕು.

ಯಂತ್ರದ ಎಣಿಕೆಗೆ ಎಷ್ಟು ಬೆಲೆ ಎಂಬುದು 2020ರಲ್ಲಿ ಬಯಲಾಯಿತು. ಕೋವಿಡ್‌ನಿಂದಾಗಿ ಕ್ಯಾಲಿಫೋರ್ನಿಯಾದ ವಕೀಲಿಕೆ ಪರೀಕ್ಷೆ ಆ ಅಕ್ಟೋಬರ್‌ನಲ್ಲಿ ಮನೆಗಳಿಂದಲೇ ನಡೆಯಿತು. ಬರೆದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರ ವಿಡಿಯೊಗಳಿಗೆ ಅನುಮಾನದ ಗುರುತು ಬಿತ್ತು. ಕಣ್ಣು ಬಹಳ ಹೊತ್ತು ಕ್ಯಾಮೆರಾಗೆ ಕಾಣಲಿಲ್ಲ, ಸದ್ದೇ ದಾಖಲಾಗಿಲ್ಲ ಎಂಬಂಥ ಕಾರಣಗಳು. ಮನುಷ್ಯರು ಕೂತು ಪರಿಶೀಲಿಸಿದ ಮೇಲೆ ಬಹುಪಾಲು ಮಂದಿ ನಿರ್ದೋಷಿಗಳೆಂದು ತೀರ್ಮಾನವಾಯಿತು. ಮರುವರ್ಷ, ಆರಂಭದಿಂದಲೂ ಈ ವ್ಯವಹಾರದಲ್ಲಿದ್ದ ಪ್ರಾಕ್ಟರ್‌ಯು ಕಂಪನಿ, ಮನುಷ್ಯರ ನಿಗಾ ಇಲ್ಲದ ಬರೀ ಯಾಂತ್ರಿಕ ಕಾವಲನ್ನು ಇನ್ನು ಮಾರುವುದಿಲ್ಲ ಎಂದಿತು. ಅದೇ 2021ರ ಜನವರಿಯಲ್ಲಿ ಹೈರ್‌ವ್ಯೂ, ಮುಖಭಾವ ನೋಡಿ ಅಂಕ ಕೊಡುವುದನ್ನು ಕೈಬಿಟ್ಟದ್ದಾಗಿ ಪ್ರಕಟಿಸಿತು. ಹೀಗಿದ್ದೂ ಕೆಲವು ತರಬೇತಿ ಕೇಂದ್ರಗಳು 'ಸದಾ ನಗುತ್ತಿರಿ, ಯಂತ್ರ ಅಂಕ ಕೊಡುತ್ತದೆ' ಎಂದು ಪಾಠ ಮಾಡುತ್ತಲೇ ಇವೆ.

ನಮ್ಮಲ್ಲಿ ಈ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದದ್ದು ಬೆಂಗಳೂರಿನಲ್ಲೇ. ಕೋವಿಡ್‌ನಿಂದ ಸಿಎಲ್‌ಎಟಿ ಪರೀಕ್ಷೆ ಮುಂದೆ ಮುಂದೆ ಹೋಗುತ್ತಿದ್ದಾಗ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ 2020ರ ಸೆಪ್ಟೆಂಬರ್ 3ರಂದು ತನ್ನದೇ ಪ್ರವೇಶ ಪರೀಕ್ಷೆ ಎನ್‌ಎಲ್‌ಎಟಿಯನ್ನು ಪ್ರಕಟಿಸಿ, 12ಕ್ಕೆ ನಡೆಸಿಯೂಬಿಟ್ಟಿತು. ಮನೆಯಲ್ಲೇ ಕೂತು 45 ನಿಮಿಷದಲ್ಲಿ 40 ಪ್ರಶ್ನೆ ಬಿಡಿಸಬೇಕು. ನಡುವೆ ಸಿಕ್ಕಿದ್ದು ಒಂಬತ್ತೇ ದಿನ. ಅಷ್ಟರಲ್ಲಿ ಕಂಪ್ಯೂಟರ್, ಕ್ಯಾಮೆರಾ, ನೆಟ್‌ವರ್ಕ್ ಹೊಂದಿಸಿಕೊಳ್ಳುವುದು ಹಳ್ಳಿಯ ಮಕ್ಕಳಿಗೆ ಹೇಗೆ ಸಾಧ್ಯ ಎಂಬ ಪ್ರಶ್ನೆ ಎದ್ದಿತು. ತಾಂತ್ರಿಕ ತೊಂದರೆಯಾದವರಿಗೆ 14ರಂದು ಮರುಪರೀಕ್ಷೆ ನಡೆಯಿತು. ಶಾಲೆಯ ಮಾಜಿ ಕುಲಪತಿಯೊಬ್ಬರೇ ಅರ್ಜಿದಾರರಲ್ಲಿ ಒಬ್ಬರಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ಆ ಪರೀಕ್ಷೆಯನ್ನೇ ರದ್ದುಪಡಿಸಿತು. 28ರಂದು ಎಲ್ಲರೂ ಕೇಂದ್ರಗಳಿಗೆ ಹೋಗಿ ಸಿಎಲ್‌ಎಟಿ ಬರೆದರು.

ಸಂಪರ್ಕದ ಮಾತು ಬಂದಾಗ ಜನ ಎಡವುವುದು ಒಂದೇ ಕಡೆ. ವೇಗ ಅಳೆಯುವಾಗ ಡೌನ್‌ಲೋಡ್ ಅಂಕಿ ನೋಡಿ ನೆಮ್ಮದಿಯಾಗುತ್ತಾರೆ. ಇಲ್ಲಿ ವಿಡಿಯೊ ನಿಮ್ಮ ಮನೆಯಿಂದ ಹೊರಗೆ ಹೋಗಬೇಕು, ಆದ್ದರಿಂದ ನೋಡಬೇಕಾದದ್ದು ಅಪ್‌ಲೋಡ್. ಅದಕ್ಕೆ ದೊಡ್ಡ ವೇಗವೇನೂ ಬೇಡ. ಕ್ಯಾಮೆರಾದ ವಿಡಿಯೊ ಸೆಕೆಂಡಿಗೆ 500 ಕಿಲೋಬಿಟ್‌ನಂತೆ ಹೋದರೆ ಒಂದು ಗಂಟೆಗೆ ಸುಮಾರು 225 ಎಂಬಿ ಆಗುತ್ತದೆ, ಫೋನಿನ ದಿನದ ಡೇಟಾದಲ್ಲೇ ಮುಗಿಯುತ್ತದೆ. ಬೇಕಾದದ್ದು ನಡುವೆ ಕಡಿಯದ ಹರಿವು. ಅದಕ್ಕೇ ವೈಫೈಗಿಂತ ರೂಟರಿನಿಂದ ನೇರ ಕೇಬಲ್ ಎಳೆಯುವುದು ಮೇಲು. ಫೋನಿನ ಡೇಟಾ ಬಳಸುವುದಾದರೆ ಹಾಟ್‌ಸ್ಪಾಟ್ ಬದಲು ಚಾರ್ಜರ್ ವೈರಿನಲ್ಲೇ ಯುಎಸ್‌ಬಿ ಟೆದರಿಂಗ್ ಮಾಡಿಕೊಳ್ಳಿ. ಬ್ಯಾಟರಿಯೂ ಇಳಿಯುವುದಿಲ್ಲ.

ಅಕ್ಕನ ಮಗಳು ಎರಡನೇ ಸುತ್ತಿನ ಒಂದು ಗಂಟೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಬೇರೆ ಕಾರಣಕ್ಕೆ. ಬೆಳಿಗ್ಗೆ 11.20ಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ದೀಪ ಮಿಣುಕಿ ಹೊತ್ತಿಕೊಂಡಿತು, ಲ್ಯಾಪ್‌ಟಾಪಿಗೆ ಗೊತ್ತೇ ಆಗಲಿಲ್ಲ. ಆದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದ ಅಂತರದಲ್ಲಿ ರೂಟರ್ ಆರಿ ಮತ್ತೆ ಶುರುವಾಯಿತು. ಅದು ಎದ್ದು ನಿಲ್ಲಲು ಎರಡೂವರೆ ನಿಮಿಷ. ಪರೀಕ್ಷೆಯ ಗಡಿಯಾರ ನಿಲ್ಲಲಿಲ್ಲ, ಏಕೆಂದರೆ ಅದು ಓಡುವುದು ಅವರ ಸರ್ವರ್‌ನಲ್ಲಿ. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ನಮ್ಮಂಥ ಊರಿನಲ್ಲಿ ಮೊದಲು ಕೊಳ್ಳಬೇಕಾದದ್ದು ಅದೇ. ಅವಳು ಒಂದು ಜಾಣತನ ಮಾಡಿದಳು. ಸಂಪರ್ಕ ಹೋದ ಸಮಯ, ಬಂದ ಸಮಯ ಎರಡನ್ನೂ ಬರೆದಿಟ್ಟುಕೊಂಡು, ದೋಷದ ಸಂದೇಶವಿದ್ದ ಪರದೆಯ ಫೋಟೊವನ್ನು ಮನೆಯವರಿಂದ ಬೇರೆ ಫೋನಿನಲ್ಲಿ ತೆಗೆಸಿ, ಪರೀಕ್ಷೆ ಮುಗಿದ ಕೂಡಲೇ ಮೇಲ್ ಮಾಡಿದಳು. ಮರುಪರೀಕ್ಷೆ ಸಿಕ್ಕಿತು. ಆದರೆ ಫೋಟೊ ತೆಗೆಯಲು ಒಳಗೆ ಬಂದ ನನ್ನಕ್ಕನ ಮೇಲೆ 'ಎರಡನೇ ವ್ಯಕ್ತಿ' ಎಂಬ ಗುರುತು ಬಿದ್ದು, ಅದಕ್ಕೂ ವಿವರಣೆ ಬರೆಯಬೇಕಾಯಿತು!

ಇಂಥ ಗುರುತುಗಳು ಬೀಳುವುದು ಹೆಚ್ಚಾಗಿ ಅಭ್ಯಾಸಬಲದಿಂದ. ಪ್ರಶ್ನೆಯನ್ನು ತುಟಿಯಾಡಿಸಿ ಓದುವುದು, ಯೋಚಿಸುವಾಗ ಮಾಡು ನೋಡುವುದು, ತೊಡೆಯ ಮೇಲಿನ ಹಾಳೆಯಲ್ಲಿ ಲೆಕ್ಕ ಹಾಕುವುದು. ಹಾಳೆಗೆ ಅನುಮತಿಯಿದೆಯೇ ಎಂದು ಮೊದಲೇ ಓದಿಕೊಂಡು, ಇದ್ದರೆ ಅದನ್ನು ಮೇಜಿನ ಮೇಲೆ ಕ್ಯಾಮೆರಾಗೆ ಕಾಣುವಂತೆ ಇಟ್ಟುಕೊಳ್ಳಬೇಕು. ವಾಟ್ಸ್ಯಾಪ್ ಅಥವಾ ಆಂಟಿವೈರಸ್‌ನ ಸಂದೇಶ ಪರದೆಯ ಮೂಲೆಯಲ್ಲಿ ಎದ್ದರೆ, ಅದನ್ನು ಮುಚ್ಚಲು ಒತ್ತಿದ್ದೇ ಕಿಟಕಿ ಬದಲಾಯಿಸಿದ ಲೆಕ್ಕಕ್ಕೆ ಸೇರಬಹುದು. ಕನ್ನಡದ ಹೆಸರುಗಳದ್ದು ಇನ್ನೊಂದು ಪಾಡು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದರ ಪೂರ್ಣರೂಪ. ಗುರುತಿನ ಚೀಟಿ ತೋರಿಸುವ ಹಂತದಲ್ಲೇ ತಾಳೆಯಾಗದೆ ಬಾಗಿಲು ಮುಚ್ಚಿದರೆ ಯಾವ ಬೆಳಕೂ ಕೆಲಸಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ಹೆಸರನ್ನು ತೋರಿಸಲಿರುವ ಚೀಟಿಯಲ್ಲಿ ಇದ್ದಂತೆಯೇ ಬರೆಯಿರಿ.

ಕೋಣೆಯ ನಾಲ್ಕೂ ಗೋಡೆಯನ್ನು ಕ್ಯಾಮೆರಾಗೆ ತೋರಿಸಿ ಎನ್ನುವ ನಿಯಮವೂ ಪ್ರಶ್ನಾತೀತವಾಗಿ ಉಳಿದಿಲ್ಲ. 2022ರ ಆಗಸ್ಟ್‌ನಲ್ಲಿ ಒಹಾಯೊದ ಫೆಡರಲ್ ನ್ಯಾಯಾಲಯ, ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ವಿದ್ಯಾರ್ಥಿಯೊಬ್ಬನ ಮಲಗುವ ಕೋಣೆಯನ್ನು ಹೀಗೆ ನೋಡಿದ್ದು ಅಮೆರಿಕದ ಸಂವಿಧಾನದ ಪ್ರಕಾರ ಅಕ್ರಮ ಶೋಧನೆ ಎಂದು ತೀರ್ಪಿತ್ತಿತು. ಇಲಿನಾಯ್ ರಾಜ್ಯದಲ್ಲಿ 2020ರಿಂದಲೇ, ವಿಡಿಯೊ ಸಂದರ್ಶನವನ್ನು ಯಂತ್ರದಿಂದ ಅಳೆಯುವುದಾದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದರೆ 30 ದಿನದೊಳಗೆ ವಿಡಿಯೊ ಅಳಿಸಬೇಕು ಎಂಬ ಕಾನೂನಿದೆ.

ನಮ್ಮ ಕಂಪನಿಗಳು, ವಿಶ್ವವಿದ್ಯಾಲಯಗಳು ಕಾನೂನಿಗೆ ಕಾಯದೆ ಇಷ್ಟನ್ನಾದರೂ ಮಾಡಲಿ: ಯಾವುದಕ್ಕೆ ಗುರುತು ಬೀಳುತ್ತದೆ, ಅದನ್ನು ಯಾರು ಪರಿಶೀಲಿಸುತ್ತಾರೆ, ಕರೆಂಟು ಹೋದರೆ ಏನು ಗತಿ, ವಿಡಿಯೊ ಎಷ್ಟು ದಿನ ಉಳಿಯುತ್ತದೆ ಎಂಬ ನಾಲ್ಕು ಉತ್ತರಗಳನ್ನು ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ, ಕನ್ನಡದಲ್ಲೂ, ಅಚ್ಚುಹಾಕಿ ಕೊಡಲಿ.