ಎಂಡೋಕಾರ್ಡೈಟಿಸ್ ಚಿಕಿತ್ಸೆಯಲ್ಲಿ ದಿನಗಳ ಎಣಿಕೆ: ಪಶ್ಚಿಮ ತಾಲ್ಲೂಕುಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹೃದಯದ ಕವಾಟಕ್ಕೆ ಸೋಂಕು ತಗುಲಿದಾಗ (ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್) ‘ಆರು ವಾರ ಇಂಜೆಕ್ಷನ್’ ಎಂಬ ಮಾತು ರೂಢಿಯಲ್ಲಿದೆ. ಆ ಆರು ವಾರ ಯಾವ ದಿನದಿಂದ ಆರಂಭ, ಅದು ಮುಗಿಯುವ ಮೊದಲೇ ಶಸ್ತ್ರಚಿಕಿತ್ಸೆಗೆ ಹೋಗಬೇಕಾದ ದಿನ ಯಾವುದು ಎಂಬೆರಡು ಪ್ರಶ್ನೆಗಳಿಗೆ ಈ ಟಿಪ್ಪಣಿ ಸೀಮಿತ. ಹಿಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಆಯ್ದುಕೊಂಡದ್ದಕ್ಕೆ ಕಾರಣ, ಇಲ್ಲಿನ ರೋಗಿ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ, ಹಡಗಲಿಯವರು ಗದಗ-ಹುಬ್ಬಳ್ಳಿಯ ಕಡೆಗೂ ಹೋಗುತ್ತಾರೆ, ಕೂಡ್ಲಿಗಿಯವರಿಗೆ ಹೊಸಪೇಟೆ, ಬಳ್ಳಾರಿ. ಚಿಕಿತ್ಸೆ ಮೊದಲಾದ ಆಸ್ಪತ್ರೆ ಒಂದು, ಮುಗಿಯುವ ಆಸ್ಪತ್ರೆ ಇನ್ನೊಂದು ಆದಾಗ ಎಣಿಕೆ ತಪ್ಪುವ ಸಂಭವ ಹೆಚ್ಚು.

ದಾಖಲೆ ಹುಡುಕುವವರಿಗೆ ಒಂದು ಎಚ್ಚರಿಕೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಕೂಡ್ಲಿಗಿಯೊಳಗಿತ್ತು. ಜಿಲ್ಲೆಯ ಹೆಸರಿನಿಂದ ಕೇಸುಗಳನ್ನು ಆರಿಸಿದರೆ ಒಂದೇ ಊರಿನ ರೋಗಿಗಳು ಮೂರು ಕಡೆ ಹಂಚಿಹೋಗುತ್ತಾರೆ.

2. ಮೊದಲ ಡೋಸಿಗೆ ಮುನ್ನ

ಎಣಿಕೆಯ ಆಧಾರ ರಕ್ತದ ಕಲ್ಚರ್. ಆಂಟಿಬಯೋಟಿಕ್ ಕೊಡುವ ಮೊದಲು, ಸುಮಾರು ಅರ್ಧ ಗಂಟೆಯ ಅಂತರದಲ್ಲಿ, ಬೇರೆ ಬೇರೆ ರಕ್ತನಾಳಗಳಿಂದ ಮೂರು ಸಲ ರಕ್ತ ತೆಗೆಯಬೇಕು; ಪ್ರತಿ ಬಾಟಲಿಗೆ ಸುಮಾರು 10 ಮಿ.ಲೀ. ಜ್ವರವೆಂದು ಬಂದವರಿಗೆ ನಾಲ್ಕು ದಿನ ಮಾತ್ರೆ, ಎರಡು ದಿನ ಇಂಜೆಕ್ಷನ್ ಆಗಿ ಆಮೇಲೆ ಕಲ್ಚರ್ ಕಳಿಸಿದರೆ ಬಾಟಲಿಯಲ್ಲಿ ಏನೂ ಬೆಳೆಯದಿರುವುದು ಸಾಮಾನ್ಯ. ದೆಹಲಿಯ ಏಮ್ಸ್‌ನ 1981–1991ರ ಸರಣಿಯಲ್ಲಿ 186 ರೋಗಿಗಳಿದ್ದರು. ಕಲ್ಚರ್‌ನಲ್ಲಿ ರೋಗಾಣು ಸಿಕ್ಕದ್ದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಮೊದಲೇ ಔಷಧ ಪಡೆದಿರುವುದು ಇದಕ್ಕೆ ಒಂದು ಕಾರಣವಿರಬಹುದು, ಏಕೈಕ ಕಾರಣವೆನ್ನಲಾಗದು. ಆ ಸರಣಿಯ ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸು, ಮೂಲ ಕಾಯಿಲೆಗಳಲ್ಲಿ ಮುಖ್ಯವಾದದ್ದು ರುಮ್ಯಾಟಿಕ್ ಕವಾಟರೋಗ. ಪಾಶ್ಚಾತ್ಯ ಮಾರ್ಗಸೂಚಿಗಳ ಹಿಂದಿರುವ ರೋಗಿ ಬಹುಪಾಲು ವೃದ್ಧ. ಮುಂದಿನ ಅಂಕಿಗಳನ್ನು ಈ ವ್ಯತ್ಯಾಸ ನೆನಪಿಟ್ಟು ಓದಬೇಕು.

3. ಎಣಿಕೆ

‘ಆರು ವಾರ’ ಎಲ್ಲರಿಗೂ ಅನ್ವಯಿಸದು. ಸಹಜ ಕವಾಟದ ಮೇಲೆ ಪೆನಿಸಿಲಿನ್‌ಗೆ ಬಗ್ಗುವ ಸ್ಟ್ರೆಪ್ಟೋಕಾಕಸ್ ಇದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಸಾಕು. ಕೃತಕ ಕವಾಟವಿದ್ದರೆ ಆರು. ಸ್ಟ್ಯಾಫಿಲೋಕಾಕಸ್‌ಗೆ ಸಹಜ ಕವಾಟದಲ್ಲಿ ನಾಲ್ಕರಿಂದ ಆರು.

ಎಣಿಕೆಯನ್ನು ತೋರಿಸಲು ಒಂದು ಮಾದರಿ ಕಟ್ಟಿಕೊಳ್ಳಬಹುದು. ಇದು ಯಾವ ನಿಜ ರೋಗಿಯ ವಿವರವೂ ಅಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಯುವಕ, ರುಮ್ಯಾಟಿಕ್ ಮೈಟ್ರಲ್ ಕವಾಟ, ಮೆಥಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೋಕಾಕಸ್ ಆರಿಯಸ್. ಸೆಫಜೋಲಿನ್ 2 ಗ್ರಾಂ, ಎಂಟು ಗಂಟೆಗೊಮ್ಮೆ, ನಿಗದಿ ಆರು ವಾರ. 1ನೇ ಮತ್ತು 3ನೇ ದಿನದ ಕಲ್ಚರ್ ಪಾಸಿಟಿವ್, 5ನೇ ಮತ್ತು 7ನೇ ದಿನದ್ದು ನೆಗೆಟಿವ್. ಡಿಸ್ಚಾರ್ಜ್ ಚೀಟಿಯಲ್ಲಿ ಇಂಜೆಕ್ಷನ್ ಆರಂಭದ ತಾರೀಖಷ್ಟೇ ಇದ್ದರೆ ಮುಂದಿನ ಆಸ್ಪತ್ರೆ 42ನೇ ದಿನ ನಿಲ್ಲಿಸುತ್ತದೆ. ಎಣಿಕೆ ಆರಂಭವಾಗಬೇಕಾದದ್ದು ಮೊದಲ ನೆಗೆಟಿವ್ ಕಲ್ಚರ್‌ನ ದಿನದಿಂದ; ಅದನ್ನು ಒಂದು ಎಂದು ಹಿಡಿದರೆ ಮುಗಿಯುವುದು 46ನೇ ದಿನ. ನಾಲ್ಕು ದಿನದ ಈ ಕೊರತೆ ಚೀಟಿಯಿಂದ ಹುಟ್ಟಿದ್ದು. ಕಲ್ಚರನ್ನು 24ರಿಂದ 48 ಗಂಟೆಗೊಮ್ಮೆ ಮತ್ತೆ ಕಳಿಸದಿದ್ದರೆ ಅದು ಕಾಣುವುದೂ ಇಲ್ಲ.

ಇದೇ ರೋಗಿಗೆ 20ನೇ ದಿನ ಕವಾಟ ಬದಲಿಸಬೇಕಾಯಿತು ಎನ್ನೋಣ. ಕತ್ತರಿಸಿ ತೆಗೆದ ಕವಾಟದ ಕಲ್ಚರ್ ನೆಗೆಟಿವ್ ಆದರೆ ಹಿಂದಿನ ದಿನಗಳು ಲೆಕ್ಕಕ್ಕಿವೆ, ಕೊನೆ 46ನೇ ದಿನವೇ. ಪಾಸಿಟಿವ್ ಆದರೆ ಶಸ್ತ್ರಚಿಕಿತ್ಸೆಯ ದಿನದಿಂದ ಹೊಸ ಎಣಿಕೆ, ಕೊನೆ 61ನೇ ದಿನ. ಕವಾಟದ ತುಣುಕಿನಲ್ಲಿ ಸೂಕ್ಷ್ಮದರ್ಶಕದಡಿ ರೋಗಾಣುಗಳು ಕಂಡಷ್ಟಕ್ಕೇ ಎಣಿಕೆ ಹೊಸದಾಗದು. ಸತ್ತವೂ ಬಣ್ಣ ಹಿಡಿಯುತ್ತವೆ. ಹೊಸದಾಗಿ ಕೂರಿಸಿದ್ದು ಕೃತಕ ಕವಾಟವಾದರೂ ಔಷಧದ ಆಯ್ಕೆ ಸಹಜ ಕವಾಟದ ಸೋಂಕಿನದೇ ಎಂಬುದು ಯುರೋಪಿಯನ್ ಮಾರ್ಗಸೂಚಿಯ ನಿಲುವು. ಇದು ಹಲವರಿಗೆ ವಿಚಿತ್ರವೆನಿಸುತ್ತದೆ.

4. ಶಸ್ತ್ರಚಿಕಿತ್ಸೆಯ ದಿನ

ಕಾರಣಗಳು ಮೂರು, ತೂಕ ಒಂದೇ ಅಲ್ಲ. ಮೊದಲನೆಯದು ಹೃದಯ ವೈಫಲ್ಯ. ಕವಾಟ ಹರಿದು ರಕ್ತ ಹಿಂದಕ್ಕೆ ನುಗ್ಗಿ, ಶ್ವಾಸಕೋಶದಲ್ಲಿ ನೀರು ತುಂಬಿ, ಔಷಧಕ್ಕೂ ಜಗ್ಗದಿದ್ದರೆ 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಬೇಕು. ಇಲ್ಲಿ ‘ಸೋಂಕು ಆರಲಿ, ಆರು ವಾರ ಮುಗಿಯಲಿ’ ಎಂದು ಕಾಯುವುದಕ್ಕೆ ಆಧಾರ ಕಾಣದು.

ಎರಡನೆಯದು ಹತೋಟಿಗೆ ಬಾರದ ಸೋಂಕು. ಸರಿಯಾದ ಔಷಧ ನಡೆಯುತ್ತಿದ್ದೂ ಕಲ್ಚರ್ ಪಾಸಿಟಿವ್ ಆಗಿಯೇ ಉಳಿದರೆ ಎಷ್ಟು ದಿನ ಕಾಯಬೇಕೆಂಬಲ್ಲಿ ಮಾರ್ಗಸೂಚಿಗಳು ಪೂರ್ತಿ ಹೊಂದುವುದಿಲ್ಲ. 2015ರ ಅಮೆರಿಕನ್ ಹೇಳಿಕೆ ಐದರಿಂದ ಏಳು ದಿನ ಎನ್ನುತ್ತದೆ, 2023ರ ಯುರೋಪಿಯನ್ ಮಾರ್ಗಸೂಚಿ ಒಂದು ವಾರಕ್ಕೂ ಮೇಲೆ. ಕವಾಟದ ಬುಡದಲ್ಲಿ ಕೀವು ಕಟ್ಟಿದರೆ ಈ ಲೆಕ್ಕವೂ ಬೇಡ. ಅದರ ಸುಳಿವು ಎಕೋಗಿಂತ ಮೊದಲೇ ಇಸಿಜಿಯಲ್ಲಿ ಸಿಗಬಹುದು: ಅಯೋರ್ಟಿಕ್ ಕವಾಟದ ಸೋಂಕಿರುವವರಲ್ಲಿ ಪಿಆರ್ ಅಂತರ ಹೊಸದಾಗಿ ಉದ್ದವಾದರೆ ಸೋಂಕು ಹೃದಯದ ವಿದ್ಯುತ್ ದಾರಿಯತ್ತ ಇಳಿದಿರುವ ಶಂಕೆ ಇರುತ್ತದೆ. ಇಸಿಜಿ ಯಂತ್ರವೊಂದಿದ್ದರೆ ತಾಲ್ಲೂಕು ಮಟ್ಟದಲ್ಲೂ ಇದನ್ನು ದಿನವೂ ನೋಡಬಹುದು. ನಿನ್ನೆಯ ಪಟ್ಟಿಯ ಪಕ್ಕ ಇಂದಿನದನ್ನು ಇಟ್ಟು ಓದುವುದು ಮುಖ್ಯ. ಒಂದೇ ಪಟ್ಟಿಯಿಂದ ‘ಹೊಸದು’ ಎಂದು ಹೇಳಲಾಗದು.

ಮೂರನೆಯದು ಚರ್ಚಾಸ್ಪದ: ಕವಾಟದ ಮೇಲಿನ ಸೋಂಕಿನ ಮುದ್ದೆ (ವೆಜಿಟೇಶನ್) ತುಂಡಾಗಿ ಮೆದುಳಿಗೆ ಹಾರುವ ಭಯ. 2012ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೇ ಇಲ್ಲಿ ಪ್ರಧಾನ ಸಾಕ್ಷಿ. ಮುದ್ದೆ 10 ಮಿ.ಮೀ.ಗಿಂತ ದೊಡ್ಡದು, ಕವಾಟ ತೀವ್ರವಾಗಿ ಕೆಟ್ಟಿದೆ. ಅಂಥ 76 ಜನರಲ್ಲಿ 37 ಜನಕ್ಕೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ, 39 ಜನಕ್ಕೆ ರೂಢಿಯ ಚಿಕಿತ್ಸೆ. ಆಸ್ಪತ್ರೆಯಲ್ಲಿ ಸಾವು ಅಥವಾ ಆರು ವಾರದೊಳಗೆ ತುಂಡು ಹಾರುವುದು, ಎರಡೂ ಸೇರಿ ಮೊದಲ ಗುಂಪಿನಲ್ಲಿ ಶೇ. 3, ಎರಡನೆಯದರಲ್ಲಿ ಶೇ. 23. ಆದರೆ ಆರು ತಿಂಗಳ ಸಾವಿನ ಪ್ರಮಾಣದಲ್ಲಿ ಗಣನೀಯ ಅಂತರವಿರಲಿಲ್ಲ, ರೂಢಿಯ ಗುಂಪಿನಲ್ಲೂ 30 ಜನ ಮುಂದೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಹಾಗಾಗಿ ಈ ಅಧ್ಯಯನವನ್ನು ‘ಶಸ್ತ್ರಚಿಕಿತ್ಸೆಯೋ, ಔಷಧವೋ’ ಎಂಬ ಪ್ರಶ್ನೆಗೆ ಉತ್ತರವೆಂದು ಉಲ್ಲೇಖಿಸುವುದು ಸರಿಯಲ್ಲ. ಅದು ಉತ್ತರಿಸಿದ್ದು ‘ಈಗಲೋ, ಆಮೇಲೋ’ ಎಂಬುದಕ್ಕೆ.

ಅಪಾಯ ಹಂಚಿಕೆಯಾಗಿರುವ ರೀತಿಯೂ ಇದಕ್ಕೆ ಪೂರಕ. 2007ರ ಒಂದು ಬಹುರಾಷ್ಟ್ರೀಯ ವಿಶ್ಲೇಷಣೆಯಲ್ಲಿ ಪಾರ್ಶ್ವವಾಯುವಿನ ದರ ಚಿಕಿತ್ಸೆಯ ಮೊದಲ ವಾರ ಸಾವಿರ ರೋಗಿ-ದಿನಕ್ಕೆ 4.8, ಎರಡನೇ ವಾರ 1.7. ಅಂದರೆ ಹಡಗಲಿಯಿಂದ ರೋಗಿಯನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವಲ್ಲಿಗೆ ಕಳಿಸುವ ನಿರ್ಧಾರ ಮೂರನೇ ವಾರಕ್ಕೆ ಬಂದರೆ, ಈ ಮೂರನೇ ಕಾರಣದ ಮಟ್ಟಿಗೆ ಅದರ ಹೆಚ್ಚಿನ ಪ್ರಯೋಜನ ಕಳೆದುಹೋಗಿರುತ್ತದೆ. ಮೂರ್ನಾಲ್ಕು ದಿನದಲ್ಲಿ ಜ್ವರ ಇಳಿಯುವುದೇ ಬಹುಶಃ ಈ ವಿಳಂಬಕ್ಕೆ ಮುಖ್ಯ ಕಾರಣ. ಜ್ವರ ಇಳಿದರೂ ಮುದ್ದೆ ಅಲ್ಲೇ ಇರುತ್ತದೆ.

5. ಕುರಿಗಾಹಿಗಳಲ್ಲಿ ಒಂದು ಅಪವಾದ

ಈ ತಾಲ್ಲೂಕುಗಳಲ್ಲಿ ಕುರಿ ಸಾಕಣೆ ವ್ಯಾಪಕ. ಕುರಿ, ಮೇಕೆ, ದನಗಳಿಂದ ಬರುವ ಬ್ರುಸೆಲ್ಲಾ ಸೋಂಕು ಉತ್ತರ ಕರ್ನಾಟಕಕ್ಕೆ ಹೊಸದಲ್ಲ: ಬಿಜಾಪುರದಿಂದ 2006ರಲ್ಲಿ ಪ್ರಕಟವಾದ, ಹದಿನಾರು ವರ್ಷಗಳ ಅವಧಿಯ ವರದಿಯಲ್ಲಿ 495 ವಯಸ್ಕರಿದ್ದರು. ಬ್ರುಸೆಲ್ಲಾ ಕವಾಟಕ್ಕೆ ತಗುಲುವುದು ಅಪರೂಪ, ಶೇ. 2ಕ್ಕಿಂತ ಕಡಿಮೆ ಎಂದೇ ಸಾಮಾನ್ಯ ಅಂದಾಜು. ಆದರೆ ಈ ರೋಗದ ಸಾವುಗಳಲ್ಲಿ ಅದರ ಪಾಲೇ ದೊಡ್ಡದು. ಹೆಚ್ಚಾಗಿ ಹಿಡಿಯುವುದು ಅಯೋರ್ಟಿಕ್ ಕವಾಟವನ್ನು.

ಇಲ್ಲಿ ಆರು ವಾರದ ಲೆಕ್ಕ ನಡೆಯುವುದಿಲ್ಲ. ಡಾಕ್ಸಿಸೈಕ್ಲಿನ್, ಕೋಟ್ರೈಮಾಕ್ಸಜೋಲ್, ರಿಫಾಂಪಿಸಿನ್ ಸೇರಿಸಿ ಕನಿಷ್ಠ ಮೂರು ತಿಂಗಳು, ಜೊತೆಗೆ ಮೊದಲ ವಾರಗಳಲ್ಲಿ ಅಮಿನೋಗ್ಲೈಕೋಸೈಡ್ ಇಂಜೆಕ್ಷನ್. ಗುಣವಾಯಿತೆನ್ನಲು ರಕ್ತದಲ್ಲಿನ ಪ್ರತಿಕಾಯದ ಮಟ್ಟ 1:60ಕ್ಕಿಂತ ಕೆಳಗಿಳಿಯಬೇಕು. ಅನೇಕರಿಗೆ ಕವಾಟ ಬದಲಾವಣೆಯೂ ಬೇಕಾಗುತ್ತದೆ. ಕಲ್ಚರ್ ನೆಗೆಟಿವ್ ಬಂದ ಕುರಿಗಾಹಿಯ ರಕ್ತವನ್ನು ಬ್ರುಸೆಲ್ಲಾ ಸೀರಾಲಜಿಗೆ ಕಳಿಸುವುದು ಯುಕ್ತ. ಬಾಟಲಿ ಕಳಿಸುವಾಗ ಚೀಟಿಯ ಮೇಲೆ ‘ಬ್ರುಸೆಲ್ಲಾ ಶಂಕೆ’ ಎಂದು ಬರೆಯಲೇಬೇಕು. ಈ ರೋಗಾಣು ನಿಧಾನವಾಗಿ ಬೆಳೆಯುತ್ತದಾದ್ದರಿಂದ ಬಾಟಲಿಯನ್ನು ಹೆಚ್ಚು ದಿನ ಇಡಬೇಕಾಗಬಹುದು. ಮೇಲಾಗಿ ಮುಚ್ಚಳ ತೆರೆದ ಲ್ಯಾಬ್ ಟೆಕ್ನೀಷಿಯನ್‌ಗೆ ಅದು ಗಾಳಿಯಿಂದಲೇ ತಗುಲಬಲ್ಲದು.